ಆನ್‌ಲೈನ್ ಖರೀದಿಯ ಹಣ ವಾಪಸು ಬಾರದಿದ್ದರೆ: ಮನೆಯಲ್ಲೇ ಕುಳಿತು ತಕರಾರು ಬಗೆಹರಿಸಿಕೊಳ್ಳುವುದು ಹೇಗೆ?

ಡೊಂಬಿವಲಿಯ ಶಿಕ್ಷಕಿಯೊಬ್ಬರು ದೀಪಾವಳಿಗೆ ಮುನ್ನ ಒಂದು ಆನ್‌ಲೈನ್ ಮಳಿಗೆಯಿಂದ 750 ವಾಟ್‌ನ ಮಿಕ್ಸರ್ ತರಿಸಿದರು. ಬೆಲೆ 3,299 ರೂಪಾಯಿ. ಯುಪಿಐ ಮೂಲಕ ಹಣ ಮೊದಲೇ ಹೋಗಿತ್ತು. ಡಬ್ಬಿ ಬಿಚ್ಚಿದರೆ ಒಳಗಿದ್ದದ್ದು 500 ವಾಟ್‌ನ ಯಂತ್ರ. ಅಂದೇ ರಿಟರ್ನ್ ಕೋರಿದರು, ಕೊರಿಯರ್‌ನವನು ಬಂದು ಡಬ್ಬಿ ಒಯ್ದ. ಕೆಲವು ದಿನಗಳ ಬಳಿಕ ಸಂದೇಶ ಬಂತು: ‘ಗುಣಮಟ್ಟ ಪರಿಶೀಲನೆಯಲ್ಲಿ ತಿರಸ್ಕೃತವಾಗಿದೆ. ಹಿಂದಿರುಗಿಸಿದ ವಸ್ತು ನಾವು ಕಳುಹಿಸಿದ್ದಲ್ಲ.’ ಮಿಕ್ಸರೂ ಕೈಬಿಟ್ಟಿತು, ಹಣವೂ ಬರಲಿಲ್ಲ.

ಮುಂಬಯಿ, ಥಾಣೆ ಕಡೆಯ ನಮ್ಮವರಲ್ಲಿ ಇಂಥ ತಕರಾರು ಸಾಮಾನ್ಯವಾಗಿಬಿಟ್ಟಿದೆ. ‘ಮೂರು ಸಾವಿರಕ್ಕೆ ಯಾರು ಕೋರ್ಟು ಕಚೇರಿ ಅಲೆಯುತ್ತಾರೆ’ ಎಂದು ಹೆಚ್ಚಿನವರು ಕೈಚೆಲ್ಲುತ್ತಾರೆ. ಅಲೆಯಬೇಕಾಗಿಲ್ಲ. ಕಂಪನಿಯ ಕುಂದುಕೊರತೆ ಅಧಿಕಾರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ, ಈ ಮೂರು ಮೆಟ್ಟಿಲುಗಳನ್ನೂ ಮೊಬೈಲಿನಲ್ಲೇ ಹತ್ತಬಹುದು. ಆದರೆ ಈ ವ್ಯವಸ್ಥೆ ಯಾವುದರ ಬಲದಿಂದ ನಡೆಯುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ದೂರು ಬರೆಯುವ ರೀತಿಯೇ ಬದಲಾಗುತ್ತದೆ.

1999ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಈಥನ್ ಕ್ಯಾಟ್ಶ್ ಮತ್ತು ಸಂಗಡಿಗರು ಇಬೇ ತಾಣದ ಕೊಳ್ಳುವವರು ಮತ್ತು ಮಾರುವವರ ಜಗಳಗಳನ್ನು ಇಮೇಲ್ ಮೂಲಕವೇ ಬಗೆಹರಿಸುವ ಪ್ರಯೋಗ ಮಾಡಿದರು. ಎರಡೇ ವಾರಗಳಲ್ಲಿ ಸುಮಾರು 200 ತಕರಾರುಗಳು ಬಂದವು. ಮುಂದೆ ಆ ಕಂಪನಿ ಇಂಥ ದೂರುಗಳಿಗೆಂದೇ ಸ್ವಂತ ವ್ಯವಸ್ಥೆ ಕಟ್ಟಿಕೊಂಡಿತು. ವಹಿವಾಟಿನ ದಾಖಲೆಯೂ ಹಣದ ಮೇಲಿನ ಹಿಡಿತವೂ ಅದರ ಕೈಯಲ್ಲೇ ಇದ್ದುದರಿಂದ ತೀರ್ಮಾನ ಜಾರಿಯಾಗುತ್ತಿತ್ತು. ಇದಕ್ಕೆ ತದ್ವಿರುದ್ಧ ಉದಾಹರಣೆ ಯುರೋಪಿನದು. ಐರೋಪ್ಯ ಒಕ್ಕೂಟ 2016ರಲ್ಲಿ ಎಲ್ಲ ಸದಸ್ಯ ದೇಶಗಳಿಗೂ ಒಂದು ದೂರು ವೇದಿಕೆ ತೆರೆಯಿತು. ವ್ಯಾಪಾರಿ ಉತ್ತರಿಸಲೇಬೇಕೆಂಬ ಕಟ್ಟುಪಾಡು ಇರಲಿಲ್ಲ, ಹಣದ ಮೇಲೆ ಹಿಡಿತವೂ ಇರಲಿಲ್ಲ. ದೂರುಗಳಲ್ಲಿ ಬಹುಪಾಲು ಉತ್ತರವಿಲ್ಲದೆಯೇ ಮುಚ್ಚಿಹೋದವು. 2025ರ ಜುಲೈ 20ರಂದು ಆ ವೇದಿಕೆಯನ್ನೇ ನಿಲ್ಲಿಸಲಾಯಿತು.

ಹಾಗಾಗಿ ಸಣ್ಣ ಮೊತ್ತದ ತಕರಾರು ಬಗೆಹರಿಯುವುದು ವಾದದ ಜೋರಿನಿಂದಲ್ಲ. ದಾಖಲೆ ಎರಡೂ ಕಡೆಯವರಿಗೆ ಕಾಣುವಂತಿರಬೇಕು, ಉತ್ತರಿಸಲು ಗಡುವು ಇರಬೇಕು, ಉತ್ತರಿಸದಿದ್ದರೆ ಮುಂದಿನ ಮೆಟ್ಟಿಲು ಕಂಪನಿಗೆ ಇನ್ನಷ್ಟು ದುಬಾರಿಯಾಗಬೇಕು. ಗ್ರಾಹಕರ ಕೈಯಲ್ಲಿ ಪೂರ್ತಿಯಾಗಿ ಇರುವುದು ಇವುಗಳಲ್ಲಿ ಮೊದಲನೆಯದು. ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ.

ಡಬ್ಬಿ ಬಿಚ್ಚುವಾಗಲೇ ದಾಖಲೆ

ಶಿಕ್ಷಕಿಯ ಪ್ರಕರಣ ಉಳಿದದ್ದು ಮೂರು ಫೋಟೊಗಳಿಂದ. ಒಂದು, ಪಾರ್ಸೆಲ್ ಮೇಲಿನ ಚೀಟಿಯದು. ಅದರಲ್ಲಿ ಕೊರಿಯರ್‌ನ ಸಂಖ್ಯೆ, ಕಳುಹಿಸಿದವರ ವಿಳಾಸ, ಆರ್ಡರ್ ಸಂಖ್ಯೆ ಎಲ್ಲವೂ ಇದ್ದವು. ಎರಡನೆಯದು ಮಿಕ್ಸರನ್ನು ತಲೆಕೆಳಗು ಮಾಡಿ ತೆಗೆದದ್ದು. ಅಡಿಭಾಗದಲ್ಲಿ ಅಂಟಿಸಿದ ಬೆಳ್ಳಿ ಬಣ್ಣದ ಸಣ್ಣ ಪಟ್ಟಿಯಲ್ಲಿ 500 W ಎಂದೂ ಅದರ ಕೆಳಗೆ ಸೀರಿಯಲ್ ಸಂಖ್ಯೆಯೂ ಅಚ್ಚಾಗಿತ್ತು. ಮೂರನೆಯದು, ಹಿಂದಿರುಗಿಸುವಾಗ ಅದೇ ಯಂತ್ರ ಸೀರಿಯಲ್ ಸಂಖ್ಯೆ ಕಾಣುವಂತೆ ಅದೇ ಡಬ್ಬಿಯಲ್ಲಿ ಕುಳಿತಿರುವುದು ಮತ್ತು ಪಕ್ಕದಲ್ಲಿ ಕೊರಿಯರ್‌ನವನು ಅಂಟಿಸಿದ ಹೊಸ ಚೀಟಿ.

‘ನೀವು ಕೊಟ್ಟದ್ದು ನಮ್ಮ ವಸ್ತುವಲ್ಲ’ ಎಂಬ ಆರೋಪಕ್ಕೆ ಸೀರಿಯಲ್ ಸಂಖ್ಯೆಗಿಂತ ಗಟ್ಟಿಯಾದ ಉತ್ತರವಿಲ್ಲ. ಬಂದ ದಿನದ ಫೋಟೊದಲ್ಲೂ ಮರಳಿದ ದಿನದ ಫೋಟೊದಲ್ಲೂ ಒಂದೇ ಸಂಖ್ಯೆ ಇದ್ದರೆ, ವಸ್ತು ಬದಲಾದದ್ದು ನಿಮ್ಮ ಮನೆಯಲ್ಲಲ್ಲ ಎಂಬುದು ನಿಮ್ಮನ್ನು ಎಂದೂ ಕಾಣದವರಿಗೂ ತಿಳಿಯುತ್ತದೆ. ಬಟ್ಟೆ, ಚಪ್ಪಲಿಯಂಥವಕ್ಕೆ ಈ ಸಂಖ್ಯೆ ಇರುವುದಿಲ್ಲ. ಅಲ್ಲಿ ಒಳಗಿನ ಅಳತೆಯ ಚೀಟಿ, ಬೆಲೆಯ ಚೀಟಿಗಳ ಫೋಟೊ ಸಾಕು. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ರವಾನಿಸಿಕೊಂಡು ಮೂಲವನ್ನು ಅಳಿಸಬೇಡಿ. ತೆಗೆದ ದಿನ ಮತ್ತು ಸಮಯ ಉಳಿಯುವುದು ಮೂಲದಲ್ಲೇ.

ವಸ್ತುವಿನ ಜಾಹೀರಾತು ಪುಟವನ್ನೂ ಆಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಮಾರಾಟಗಾರರು ಆ ಪುಟವನ್ನು ಆಮೇಲೆ ತಿದ್ದಬಹುದು, ತೆಗೆದೂ ಹಾಕಬಹುದು.

ಚಾಟ್ ಬಿಟ್ಟು ಕುಂದುಕೊರತೆ ಅಧಿಕಾರಿಗೆ ಬರೆಯಿರಿ

ಕಸ್ಟಮರ್ ಕೇರ್‌ನ ಚಾಟ್‌ನಲ್ಲಿ ಒಮ್ಮೆ ದೂರು ಕೊಟ್ಟು, ಬಂದ ಉತ್ತರವನ್ನು ಉಳಿಸಿಕೊಂಡರೆ ಸಾಕು. ದಿನಕ್ಕೊಂದು ಹೊಸ ದೂರು ತೆರೆಯುತ್ತ ಹೋದರೆ ಒಂದೇ ಪ್ರಕರಣ ಹತ್ತು ತುಂಡಾಗುತ್ತದೆ. ಪ್ರತಿ ಬಾರಿ ಹೊಸಬರು ಓದುತ್ತಾರೆ, ಹಳೆಯ ಉತ್ತರವನ್ನೇ ಅಂಟಿಸುತ್ತಾರೆ.

2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಪ್ರತಿ ಆನ್‌ಲೈನ್ ಮಳಿಗೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ತನ್ನ ತಾಣದಲ್ಲಿ ಹಾಕಬೇಕು. ದೂರು ತಲುಪಿದ್ದನ್ನು ಅವರು 48 ಗಂಟೆಯೊಳಗೆ ಒಪ್ಪಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ವಿವರ ಸಾಮಾನ್ಯವಾಗಿ ಪುಟದ ತೀರಾ ಕೆಳಗೆ, ಸಣ್ಣ ಅಕ್ಷರಗಳಲ್ಲಿರುತ್ತದೆ. ಅದೇ ನಿಯಮಗಳಲ್ಲಿ ಇನ್ನೊಂದು ಮುಖ್ಯ ಮಾತಿದೆ. ವಸ್ತು ದೋಷದ್ದಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಗಳು ಅದರಲ್ಲಿ ಇಲ್ಲದಿದ್ದರೆ, ಮಾರಾಟಗಾರ ಅದನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ.

ಶಿಕ್ಷಕಿ ಬರೆದ ಪತ್ರ ಹೆಚ್ಚುಕಡಿಮೆ ಹೀಗಿತ್ತು:

‘ಆರ್ಡರ್ ಸಂಖ್ಯೆ ಇಂಥದ್ದು. 750 ವಾಟ್‌ನ ಮಿಕ್ಸರ್‌ಗೆ 3,299 ರೂ. ಪಾವತಿಸಿದ್ದೇನೆ. ಬಂದದ್ದು 500 ವಾಟ್‌ನದು (ಫೋಟೊ 1, 2). ಇಂಥ ದಿನ ನಿಮ್ಮ ಕೊರಿಯರ್ ಅದನ್ನು ಒಯ್ದಿದೆ (ಫೋಟೊ 3). ಸೀರಿಯಲ್ ಸಂಖ್ಯೆ ಎರಡೂ ಬಾರಿ ಒಂದೇ ಆಗಿದೆ. ಪಾವತಿಸಿದ ಖಾತೆಗೇ ಪೂರ್ಣ ಹಣ ಮರಳಿಸಿ. ನಿರಾಕರಿಸುವುದಾದರೆ, ಗೋದಾಮಿನಲ್ಲಿ ತೆಗೆದ ಪರಿಶೀಲನೆಯ ಫೋಟೊ ಮತ್ತು ಲಿಖಿತ ಕಾರಣ ಕೊಡಿ.’

ಇದರಲ್ಲಿ ಬೈಗುಳವಿಲ್ಲ, ಹಬ್ಬದ ಅಡುಗೆ ಕೆಟ್ಟ ಕಥೆಯಿಲ್ಲ. ಕೊನೆಯ ವಾಕ್ಯವೇ ಪತ್ರದ ಜೀವ. ಅಲ್ಲಿಯವರೆಗೆ ‘ನಮ್ಮ ಪರಿಶೀಲನೆ’ ಎಂಬುದು ಕಂಪನಿಯೊಳಗೆ ಮಾತ್ರ ಕಾಣುವ ದಾಖಲೆಯಾಗಿತ್ತು. ಅದನ್ನು ಹೊರಗಿಡಿ ಎಂದು ಕೇಳಿದೊಡನೆ, ದಾಖಲೆ ಇಲ್ಲದವರು ಯಾರು ಎಂಬುದು ಬಯಲಾಗುತ್ತದೆ. ಆ ಕಂಪನಿ ದೂರಿಗೆ ಸಂಖ್ಯೆ ಕೊಟ್ಟಿತು, ಫೋಟೊ ಕೊಡಲಿಲ್ಲ. ‘ನಿರ್ಧಾರ ಅಂತಿಮ’ ಎಂದಷ್ಟೇ ಉತ್ತರಿಸಿ, 500 ರೂಪಾಯಿಯ ಕೂಪನ್ ಕೊಡುವುದಾಗಿ ಹೇಳಿತು. ಅವರು ಒಪ್ಪಲಿಲ್ಲ, ಸರಿಯಾದದ್ದನ್ನೇ ಮಾಡಿದರು. ಕೂಪನ್ ಅಥವಾ ವಾಲೆಟ್ ಹಣವನ್ನು ಒಪ್ಪಿಕೊಂಡರೆ ದೂರು ‘ಬಗೆಹರಿದಿದೆ’ ಎಂದು ಮುಚ್ಚಿಹೋಗುವ ಸಂಭವ ಹೆಚ್ಚು.

1915ಕ್ಕೆ ದೂರು

ಕಂಪನಿ ಕೈಯೆತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 1915ಕ್ಕೆ ಕರೆ ಮಾಡಬಹುದು, consumerhelpline.gov.in ತಾಣದಲ್ಲಿ ನೋಂದಾಯಿಸಬಹುದು. ಕನ್ನಡದಲ್ಲೂ ಮಾತನಾಡಬಹುದು. ಮಹಾರಾಷ್ಟ್ರದಲ್ಲಿದ್ದೇವೆ ಎಂದು ಹಿಂದಿ ಮರಾಠಿಗೆ ತಡಕಾಡಬೇಕಿಲ್ಲ. ಶುಲ್ಕವಿಲ್ಲ. ಮೇಲಿನ ಪತ್ರ, ಬಿಲ್, ಫೋಟೊಗಳು, ಕಂಪನಿಯ ನಿರಾಕರಣೆ, ಇಷ್ಟನ್ನು ಲಗತ್ತಿಸಿ. ಸಿಗುವ ಡಾಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಈ ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ. ಇದು ದಾವೆಗೆ ಮುಂಚಿನ ಸಂಧಾನದ ಹಂತ. ಇದರ ಬಲ ಇರುವುದು ಬೇರೆ ಕಡೆ. ಅನೇಕ ದೊಡ್ಡ ಕಂಪನಿಗಳು ಸಹಾಯವಾಣಿಯ ಸಹಭಾಗಿಗಳಾಗಿ ಸೇರಿಕೊಂಡಿವೆ. ಅವುಗಳ ವಿರುದ್ಧದ ದೂರು ನೇರವಾಗಿ ಕಂಪನಿಯೊಳಗಿನ ನಿಗದಿತ ತಂಡಕ್ಕೆ ಹೋಗುತ್ತದೆ. ಚಾಟ್‌ನಲ್ಲಿ ಉತ್ತರಿಸುವವರಿಗೆ ಇಲ್ಲದ ಅಧಿಕಾರ ಇಂಥ ತಂಡಕ್ಕೆ ಸಾಮಾನ್ಯವಾಗಿ ಇರುತ್ತದೆ. ಶಿಕ್ಷಕಿಯ ಪ್ರಕರಣ ತಿರುಗಿದ್ದು ಇಲ್ಲಿಯೇ. ದೂರು ಮರುಪರಿಶೀಲನೆಗೆ ಹೋಗಿ 3,299 ರೂಪಾಯಿ ಪೂರ್ತಿ ಮಂಜೂರಾಯಿತು. ಕಳೆದ ವಾರಗಳಿಗೆ ಪರಿಹಾರವೆಂದು ಏನೂ ಸಿಗಲಿಲ್ಲ. ಅದನ್ನು ಕೊಡಿಸುವುದು ಸಹಾಯವಾಣಿಯ ಕೈಯಲ್ಲಿಲ್ಲ.

‘ಮರುಪಾವತಿ ಆಗಿದೆ’ ಎಂಬ ಸಂದೇಶವನ್ನು ನೋಡಿ ಪ್ರಕರಣ ಮುಗಿಯಿತೆಂದುಕೊಳ್ಳಬೇಡಿ. ಹಣ ಖಾತೆಗೆ ಬಂದಿಲ್ಲವಾದರೆ ಮರುಪಾವತಿಯ ಯುಟಿಆರ್, ಅಂದರೆ ಆ ವರ್ಗಾವಣೆಯ ಗುರುತಿನ ಸಂಖ್ಯೆಯನ್ನು ಕಂಪನಿಯಿಂದ ಕೇಳಿ ಪಡೆದು, ಅದನ್ನು ನಿಮ್ಮ ಬ್ಯಾಂಕಿಗೆ ತೋರಿಸಿ. ಕಂಪನಿ ನಿಜವಾಗಿ ಹಣ ಕಳುಹಿಸಿದ್ದರೆ ಆ ಸಂಖ್ಯೆ ಅದರ ಬಳಿ ಇದ್ದೇ ಇರುತ್ತದೆ.

ಇಲ್ಲೊಂದು ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹಣ ಕಡಿತವಾಗಿ ಆರ್ಡರೇ ದಾಖಲಾಗದಿದ್ದರೆ ಅದು ವಸ್ತುವಿನ ತಕರಾರಲ್ಲ, ಪಾವತಿಯ ತಕರಾರು. ಅದಕ್ಕೆ ಯುಪಿಐ ಆ್ಯಪ್‌ನಲ್ಲೇ ಆ ವಹಿವಾಟಿನ ಮೇಲೆ ದೂರು ದಾಖಲಿಸಬೇಕು. ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ಹೀಗೆ ನಡುವೆ ಸಿಕ್ಕಿಬಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ ವಹಿವಾಟಿನ ದಿನದ ನಂತರ ಐದು ದಿನಗಳೊಳಗೆ ಅದು ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು.

ಮತ್ತೊಂದು ಅಪಾಯವೂ ಉಂಟು. ಕಸ್ಟಮರ್ ಕೇರ್ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ ಕರೆ ಮಾಡಬೇಡಿ. ಅಲ್ಲಿ ವಂಚಕರ ಸಂಖ್ಯೆಗಳೂ ಇರುತ್ತವೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತಿಸಿಕೊಂಡು ಹಣ ಎಳೆದಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇನ್‌ಸ್ಟಾಗ್ರಾಂನ ಖಾತೆಯೊಂದರಿಂದ ಸೀರೆ ಕೊಂಡು, ಹಣ ಪಡೆದವರು ಬ್ಲಾಕ್ ಮಾಡಿ ಮಾಯವಾದರೂ ದಾರಿ ಅದೇ. ಅಲ್ಲಿ ಆರ್ಡರ್ ಸಂಖ್ಯೆಯಿಲ್ಲ, ಕುಂದುಕೊರತೆ ಅಧಿಕಾರಿಯಿಲ್ಲ, ಉತ್ತರಿಸುವ ಅನಿವಾರ್ಯವೂ ಇಲ್ಲ. ಸಂಧಾನಕ್ಕೆ ಎದುರು ಪಕ್ಷವೇ ಇರುವುದಿಲ್ಲ.

ಕೊನೆಯ ಮೆಟ್ಟಿಲು: ಇ-ಜಾಗೃತಿ

ಸಹಾಯವಾಣಿಯಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ e-jagriti.gov.in ಮೂಲಕ ದೂರು ಸಲ್ಲಿಸಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕುವ ಹಕ್ಕಿದೆ. ಮಾರಾಟಗಾರ ಹರಿಯಾಣದಲ್ಲಿರಲಿ, ದಿಲ್ಲಿಯಲ್ಲಿರಲಿ, ಡೊಂಬಿವಲಿಯವರು ಹೋಗುವುದು ಥಾಣೆ ಜಿಲ್ಲಾ ಆಯೋಗಕ್ಕೆ. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ಘಟನೆಗಳ ವಿವರ, ದಾಖಲೆಗಳು ಮತ್ತು ಅಫಿಡವಿಟ್ ಬೇಕು. ಎದುರು ಪಕ್ಷವಾಗಿ ಮಾರಾಟಗಾರ, ಆನ್‌ಲೈನ್ ಮಳಿಗೆ ಇಬ್ಬರನ್ನೂ ಹೆಸರಿಸಿ. ಇಲ್ಲವಾದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ವಿಡಿಯೊ ಮೂಲಕ ವಿಚಾರಣೆ ನಡೆಸುವಂತೆ ಅರ್ಜಿ ಹಾಕಬಹುದು.

ವಸ್ತುವಿನ ಪರೀಕ್ಷೆಯ ಅಗತ್ಯವಿಲ್ಲದ ದೂರುಗಳನ್ನು, ಎದುರು ಪಕ್ಷಕ್ಕೆ ನೋಟಿಸು ತಲುಪಿದ ಮೂರು ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದು ಸಾಮಾನ್ಯ. ಹಾಗಿದ್ದರೂ ಈ ಮೆಟ್ಟಿಲಿಗೆ ಬೆಲೆಯಿದೆ. ನೋಟಿಸು ಹೋದ ಮೇಲೆ 3,299 ರೂಪಾಯಿ ಉಳಿಸಿಕೊಳ್ಳಲು ಕಂಪನಿ ಥಾಣೆಯ ಆಯೋಗದ ಮುಂದೆ ವಕೀಲರನ್ನೋ ಪ್ರತಿನಿಧಿಯನ್ನೋ ನಿಲ್ಲಿಸಬೇಕು. ಆಯೋಗವು ಮರುಪಾವತಿಯ ಜೊತೆಗೆ ಪರಿಹಾರ, ಖರ್ಚು ಎರಡನ್ನೂ ವಿಧಿಸಬಲ್ಲದು. ಹೀಗಾಗಿ ಸಹಾಯವಾಣಿಯ ಹಂತದಲ್ಲೇ, ‘ಪರಿಹಾರ ಸಿಗದಿದ್ದರೆ ಥಾಣೆ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ’ ಎಂದು ಒಂದು ವಾಕ್ಯ ಸೇರಿಸಿಡುವುದು ಒಳ್ಳೆಯದು. ದೂರು ಹಾಕಲು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. ಅಲ್ಲಿಯವರೆಗೆ ಆ ಮೂರು ಫೋಟೊ, ಬಿಲ್, ಡಾಕೆಟ್ ಸಂಖ್ಯೆಗಳನ್ನು ಮೊಬೈಲಿನಿಂದ ಅಳಿಸಬೇಡಿ.