ಯಂತ್ರ ಗುರುತಿಸದ ಬೆರಳುಗಳು

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಟೈಮ್ ಆಫೀಸ್ ನೋಡಿಕೊಳ್ಳುತ್ತೇನೆ. 72 ಕಾರ್ಮಿಕರು, ಮೂರು ಪಾಳಿ. ಪುಸ್ತಕ, ಕಾರ್ಡ್, ಬೆರಳಚ್ಚು ಎಂದು ಮೂರು ಬಗೆಯ ಹಾಜರಿಯನ್ನೂ ಇದೇ ಗೇಟಿನಲ್ಲಿ ನಡೆಸಿದ್ದೇನೆ.

ಹಾಜರಿ ಪುಸ್ತಕಕ್ಕೆ ಇನ್ನೂರು ರೂಪಾಯಿ ಸಾಕು. ಆದರೆ ತಿಂಗಳ ಕೊನೆಯಲ್ಲಿ ಇಬ್ಬರು ಕುಳಿತು ಎರಡು ದಿನ ಕೂಡಿ ಕಳೆಯಬೇಕಿತ್ತು. ಅದಕ್ಕಿಂತ ದೊಡ್ಡ ದೋಷ ಬೇರೆ: ಬೆಳಗಿನ ಪಾಳಿಯ ಎಲ್ಲರೂ ಸರಿಯಾಗಿ 6:00ಕ್ಕೇ ಬಂದಿರುತ್ತಿದ್ದರು! ಸೂಪರ್‌ವೈಸರ್ ಮಧ್ಯಾಹ್ನ ಬಿಡುವಾದಾಗ ಒಂದೇ ಪೆನ್ನಿನಲ್ಲಿ ಸಾಲಾಗಿ ತುಂಬಿಸುತ್ತಿದ್ದರು.

ಆಮೇಲೆ ಕಾರ್ಡ್ ಬಂತು. ರೀಡರ್‌ಗೆ ಏಳು ಸಾವಿರ, ಕಾರ್ಡಿಗೆ ತಲಾ 25 ರೂಪಾಯಿ. ಸಾಲು ಸರಸರನೆ ಸಾಗುತ್ತಿತ್ತು, ಕೈಗೆ ಎಣ್ಣೆ ಮೆತ್ತಿದ್ದರೂ ತೊಂದರೆಯಿರಲಿಲ್ಲ. ಮೂರು ತಿಂಗಳ ನಂತರ ಒಮ್ಮೆ ದಾಖಲೆಯನ್ನು ಹೆಸರಿನ ಬದಲು ಸಮಯದ ಕ್ರಮದಲ್ಲಿ ಜೋಡಿಸಿ ನೋಡಿದೆ. ಒಂದೇ ಜೋಡಿ ಸಂಖ್ಯೆಗಳು ಹನ್ನೊಂದು ದಿನ ಬೆನ್ನುಬೆನ್ನಿಗೆ ಬಿದ್ದಿದ್ದವು, ನಡುವೆ ಮೂರು ಸೆಕೆಂಡು ಅಂತರ. ಒಬ್ಬ ಜೇಬಿನಲ್ಲಿ ಗೆಳೆಯನ ಕಾರ್ಡನ್ನೂ ತರುತ್ತಿದ್ದ, ಗೆಳೆಯ ಆರೂವರೆಗೆ ನಿಧಾನವಾಗಿ ಬರುತ್ತಿದ್ದ. ಗೇಟಿನಲ್ಲಿದ್ದ ಸೆಕ್ಯೂರಿಟಿಯವರಿಗೆ ಇದು ಗೊತ್ತಿತ್ತು ಎಂಬುದು ನನ್ನ ಅನುಮಾನ.

ಹಾಗಾಗಿ ಬೆರಳಚ್ಚು ಯಂತ್ರ ಹಾಕಿಸಿದೆವು. ಯಂತ್ರಕ್ಕೆ ಒಂಬತ್ತೂವರೆ ಸಾವಿರ, ಕರೆಂಟು ಹೋದರೆ ಬೇಕೆಂದು ಪುಟ್ಟ ಯುಪಿಎಸ್‌ಗೆ 2,800, ಸಾಫ್ಟ್‌ವೇರ್‌ಗೆ ವರ್ಷಕ್ಕೆ ಆರು ಸಾವಿರ. ಮೊದಲ ವಾರವೇ ಗ್ರೈಂಡಿಂಗ್ ವಿಭಾಗದವರು ಸಾಲಿನಲ್ಲಿ ಸಿಕ್ಕಿಕೊಂಡರು. ಕೂಲಂಟ್‌ನಲ್ಲಿ ನೆನೆದು, ಲೋಹದ ಚೂರು ತಾಗಿ ಅವರ ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಅಲ್ಲಿನ ಒಬ್ಬ ಹಿರಿಯರು ಆರು ಸಲ ಬೆರಳಿಟ್ಟು, ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಇಟ್ಟು, ಕೊನೆಗೆ ನನ್ನ ಕಡೆ ತಿರುಗಿ, "ಇಪ್ಪತ್ತು ವರ್ಷ ದುಡಿದ ಕೈ ಸ್ವಾಮಿ, ಇದಕ್ಕೆ ಗುರುತೇ ಸಿಗುತ್ತಿಲ್ಲ" ಎಂದರು. ನನಗೆ ನಾಚಿಕೆಯಾಯಿತು.

ಯಂತ್ರ ಕೊಟ್ಟವರು ಬಂದು ಹೋಲಿಕೆಯ ಮಟ್ಟವನ್ನು ತಗ್ಗಿಸಿ ಹೋದರು. ಸಾಲು ಕರಗಿತು, ಆದರೆ ಮರುದಿನ ಒಬ್ಬರು ಬೆರಳಿಟ್ಟರೆ ಇನ್ನೊಬ್ಬರ ಹೆಸರು ಮೂಡಿತು. ಆ ಮಟ್ಟವನ್ನು ಮೊದಲಿದ್ದಲ್ಲಿಗೇ ತಂದೆ. ಎಲ್ಲರ ಬೆರಳನ್ನೂ ಮತ್ತೆ ದಾಖಲಿಸಿದೆ; ಪಾಳಿ ಮುಗಿದ ಮೇಲಲ್ಲ, ವಾರದ ರಜೆ ಕಳೆದು ಕೆಲಸಕ್ಕೆ ಇಳಿಯುವ ಮುನ್ನ. ಬಲಗೈ ಹೆಚ್ಚು ಸವೆಯುವುದರಿಂದ ಎಡಗೈಯ ತೋರುಬೆರಳು, ನಡುಬೆರಳನ್ನೂ ಸೇರಿಸಿದೆ. ಅದಕ್ಕೂ ಒಗ್ಗದ ಕೆಲವರು ಮೊದಲು ತಮ್ಮ ಸಂಖ್ಯೆ ಒತ್ತಿ, ಆಮೇಲೆ ಬೆರಳಿಡುವಂತೆ ಮಾಡಿದೆ. ಆಗ ಯಂತ್ರ 72 ಮಂದಿಯಲ್ಲಿ ಹುಡುಕುವುದಿಲ್ಲ, ಒಬ್ಬರ ಅಚ್ಚಿನೊಂದಿಗೆ ಮಾತ್ರ ಹೋಲಿಸುತ್ತದೆ. ಆದರೂ ಐವರು ಉಳಿದರು. ಅವರ ಕೈಗೆ ಹಳೆಯ ಕಾರ್ಡುಗಳನ್ನೇ ಕೊಟ್ಟು, ರೀಡರ್ ಎದುರಿಗೆ ಕ್ಯಾಮೆರಾ ಹಾಕಿಸಿದೆ.

ಬೆರಳಿನ ಕಾಟ ಮುಗಿಯಿತು ಎನ್ನುವಾಗ ರಾತ್ರಿ ಪಾಳಿಯ ಲೆಕ್ಕ ಕೈಕೊಟ್ಟಿತು. ಒಬ್ಬರು 12ರ ರಾತ್ರಿ 9:52ಕ್ಕೆ ಒಳಬಂದು, 13ರ ಬೆಳಿಗ್ಗೆ 6:08ಕ್ಕೆ ಹೊರಹೋಗಿದ್ದರು. ಅದೇ ರಾತ್ರಿ 9:50ಕ್ಕೆ ಮತ್ತೆ ಬಂದಿದ್ದರು. ಸಾಫ್ಟ್‌ವೇರ್ ಮಧ್ಯರಾತ್ರಿಗೆ ದಿನ ಮುಗಿಸಿ, ದಿನದ ಮೊದಲ ಪಂಚ್ ಬಂದದ್ದು, ಕೊನೆಯದು ಹೋದದ್ದು ಎಂದು ಎಣಿಸುತ್ತಿತ್ತು. ಆದ್ದರಿಂದ 13ರಂದು ಅವರು ಬೆಳಿಗ್ಗೆ 6:08ರಿಂದ ರಾತ್ರಿ 9:50ರವರೆಗೆ, 15 ಗಂಟೆ 42 ನಿಮಿಷ ದುಡಿದಂತಾಯಿತು. ಒಂಬತ್ತು ಗಂಟೆ ಕಳೆದರೂ ಆರು ಗಂಟೆ 42 ನಿಮಿಷ ಓಟಿ, ಅದೂ ದುಪ್ಪಟ್ಟು ದರದಲ್ಲಿ.

ದಿನದ ಗಡಿಯನ್ನು ಬೆಳಿಗ್ಗೆ ಹತ್ತಕ್ಕೆ ತಳ್ಳಿ ನೋಡಿದೆ. ಆಗ ಬೆಳಗಿನ ಪಾಳಿಗೆ 5:50ಕ್ಕೆ ಬಂದವರು ಹಿಂದಿನ ದಿನದ ಲೆಕ್ಕಕ್ಕೆ ಜಾರಿದರು. ಪಾಳಿಗೆ ಪಾಳಿ ಅಂಟಿಕೊಂಡಿರುವ ಕಡೆ ಯಾವ ಗಡಿಯೂ ಎಲ್ಲರಿಗೂ ಒಗ್ಗುವುದಿಲ್ಲ. ಯಾರು ಯಾವ ಪಾಳಿ ಎಂಬುದನ್ನು ಮೊದಲೇ ಸಾಫ್ಟ್‌ವೇರಿಗೆ ತಿಳಿಸಬೇಕು. ಪಾಳಿ ವಾರಕ್ಕೊಮ್ಮೆ ಬದಲಾಗುವುದರಿಂದ ಪ್ರತಿ ಶನಿವಾರ ಮುಕ್ಕಾಲು ಗಂಟೆ ಇದಕ್ಕೇ ಹೋಗುತ್ತದೆ. ಯಂತ್ರ ಮಾರುವಾಗ ಈ ಖರ್ಚನ್ನು ಯಾರೂ ಹೇಳಿರಲಿಲ್ಲ.

ಹಾಜರಿ ಪುಸ್ತಕವನ್ನು ಎಸೆದಿಲ್ಲ. ಪಂಚ್ ಮರೆತವರು, ಪಾಳಿ ಅದಲುಬದಲು ಮಾಡಿಕೊಂಡವರು, ಯಂತ್ರ ಕೆಟ್ಟ ದಿನ ಬಂದವರು ಅದರಲ್ಲಿ ಬರೆದು, ಸೂಪರ್‌ವೈಸರ್ ಜೊತೆ ತಾವೂ ಸಹಿ ಹಾಕುತ್ತಾರೆ. ಮೊದಲೆಲ್ಲ ಆ ಪುಸ್ತಕದಲ್ಲಿ ಕಾರ್ಮಿಕರ ಸಹಿಗೆ ಜಾಗವೇ ಇರಲಿಲ್ಲ. ಈಗ ತಿಂಗಳಿಗೆ ಎರಡೋ ಮೂರೋ ಪುಟ ತುಂಬುತ್ತದೆ. ಸಂಬಳದ ಲೆಕ್ಕಕ್ಕೆ ಕೂರುವಾಗ ನಾನು ಮೊದಲು ತೆರೆಯುವುದು ಅದನ್ನೇ.