ಗ್ರೈಂಡರ್ ವಿಡಿಯೊಗೆ ಮೂರು ಥಂಬ್‌ನೇಲ್: ‘ರುಬ್ಬಲು’ ಅನ್ನಬೇಕಾ, ‘ಕಡೆಯಲು’ ಅನ್ನಬೇಕಾ?

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆಗೆ ತಂದ ಮಿಕ್ಸಿ, ಗ್ರೈಂಡರ್, ವಾಷಿಂಗ್ ಮೆಷಿನನ್ನು ತಿಂಗಳುಗಟ್ಟಲೆ ಬಳಸಿ, ಆಮೇಲೆ ಯೂಟ್ಯೂಬಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷದ ರಿವ್ಯೂ ಮಾಡುತ್ತೇನೆ. ಅಷ್ಟು ಉದ್ದದ ವಿಡಿಯೊವನ್ನು ಜನ ತೆರೆದರೆ ಸಾಲದು, ಕೂತು ನೋಡಲೂ ಬೇಕು. ಥಂಬ್‌ನೇಲ್ ವಿಷಯದಲ್ಲಿ ನಾನು ತಪ್ಪಿದ್ದು ಅಲ್ಲೇ.

ಮೊದಲು ವಾಷಿಂಗ್ ಮೆಷಿನ್ ವಿಡಿಯೊ ಒಂದರಲ್ಲಿ ಕೈಯಾರೆ ಥಂಬ್‌ನೇಲ್ ಬದಲಿಸಿ ನೋಡಿದೆ. ಮೊದಲ ವಾರ ಕ್ಲಿಕ್ ದರ, ಅಂದರೆ ಥಂಬ್‌ನೇಲ್ ಕಾಣಿಸಿದ ಸಲಗಳಲ್ಲಿ ಎಷ್ಟು ಸಲ ಜನ ತೆರೆದರು ಎಂಬ ಲೆಕ್ಕ, 7 ಶೇಕಡಾ ಇತ್ತು. ಎರಡನೇ ವಾರ ಹೊಸ ಚಿತ್ರ ಹಾಕಿದೆ, 4ಕ್ಕೆ ಇಳಿಯಿತು. ಹೊಸದು ಕೆಟ್ಟದು ಅಂದುಕೊಂಡು ಹಳೆಯದನ್ನೇ ಮತ್ತೆ ಹಾಕಿದೆ. ಆಗಲೂ ಏರಲಿಲ್ಲ, 3.5ಕ್ಕೆ ಬಂತು. ಆಗ ಗೊತ್ತಾಯಿತು, ತಪ್ಪು ಚಿತ್ರದ್ದಲ್ಲ. ಮೊದಲ ದಿನಗಳಲ್ಲಿ ವಿಡಿಯೊ ಕಾಣಿಸುವುದು ಹೆಚ್ಚಾಗಿ ನಮ್ಮ ಚಂದಾದಾರರಿಗೆ. ಅವರಿಗೆ ನಮ್ಮ ಪರಿಚಯ ಇದೆ, ತೆರೆಯುತ್ತಾರೆ. ಆಮೇಲೆ ಯೂಟ್ಯೂಬ್ ಅದನ್ನು ಗುರುತಿಲ್ಲದವರಿಗೂ ತೋರಿಸಲು ಶುರು ಮಾಡುತ್ತದೆ. ಆಗ ದರ ತಾನಾಗಿಯೇ ಇಳಿಯುತ್ತದೆ. ಈ ವಾರದ ಚಿತ್ರವನ್ನು ಹೋದ ವಾರದ ಚಿತ್ರದ ಜೊತೆ ಹೋಲಿಸಿದರೆ ನಾವು ಹೋಲಿಸುವುದು ಎರಡು ಬೇರೆ ಬೇರೆ ಜನರನ್ನು.

ಅದಕ್ಕೇ ಈಗ ಯೂಟ್ಯೂಬ್ ಸ್ಟುಡಿಯೊದೊಳಗಿನ ಎ/ಬಿ ಟೆಸ್ಟಿಂಗನ್ನೇ ಬಳಸುತ್ತೇನೆ. ಇದನ್ನು ಕಂಪ್ಯೂಟರ್‌ನಲ್ಲಿ ಸ್ಟುಡಿಯೊ ತೆರೆದು ಮಾಡಬೇಕು. ಒಂದೇ ವಿಡಿಯೊಗೆ ಮೂರು ಥಂಬ್‌ನೇಲ್ ತನಕ ಕೊಡಬಹುದು. ಒಂದೇ ಹೊತ್ತಿನಲ್ಲಿ ಕೆಲವರಿಗೆ ಒಂದು, ಕೆಲವರಿಗೆ ಇನ್ನೊಂದು ಕಾಣಿಸುತ್ತದೆ. ಟೆಸ್ಟ್ ಎರಡು ವಾರದವರೆಗೆ ನಡೆಯಬಹುದು. ನಡುವೆ ನಾವು ಕೈ ಹಾಕಬಾರದು.

ಇಲ್ಲಿ ಗೆಲ್ಲುವುದು ಜಾಸ್ತಿ ಕ್ಲಿಕ್ ಬಂದ ಚಿತ್ರವಲ್ಲ, ಜಾಸ್ತಿ ನೋಡುವ ಸಮಯ ತಂದ ಚಿತ್ರ. ಒಂದು ಲೆಕ್ಕ ಹಾಕಿ ನೋಡಿ. ಒಂದು ಚಿತ್ರವನ್ನು ಸಾವಿರ ಸಲ ತೋರಿಸಿದಾಗ 60 ಜನ ತೆರೆದು ತಲಾ 3 ನಿಮಿಷ ನೋಡಿದರು, ಒಟ್ಟು 180 ನಿಮಿಷ. ಇನ್ನೊಂದಕ್ಕೆ 45 ಜನ ಮಾತ್ರ ಬಂದರು, ಆದರೆ ತಲಾ 5 ನಿಮಿಷ ಕೂತರು, ಒಟ್ಟು 225 ನಿಮಿಷ. ಗೆದ್ದದ್ದು ಎರಡನೆಯದು. ಉದ್ದದ ರಿವ್ಯೂ ಮಾಡುವವರಿಗೆ ಇದೇ ಸರಿಯಾದ ಅಳತೆ ಎಂದು ನನಗನಿಸುತ್ತದೆ. ಗ್ರೈಂಡರ್ ಕೊಳ್ಳಲು ಹೊರಟವರು ಐದು ನಿಮಿಷವಾದರೂ ಕೂರುತ್ತಾರೆ, ಸುಮ್ನೆ ಬಂದವರು ಓಡಿಹೋಗುತ್ತಾರೆ.

ನಾನು ಪೂರ್ತಿ ಮನಸ್ಸಿಟ್ಟು ಟೆಸ್ಟ್ ಮಾಡಿದ್ದು 2 ಲೀಟರ್ ಟೇಬಲ್‌ಟಾಪ್ ಗ್ರೈಂಡರ್‌ನ ವಿಡಿಯೊಗೆ. ಒಂದು ವರ್ಷ ಬಳಸಿದ ಮೇಲೆ ಮಾಡಿದ್ದು, 24 ನಿಮಿಷ ಉದ್ದ. ಮೂರು ಚಿತ್ರಗಳನ್ನು ನಿಜವಾಗಿಯೂ ಬೇರೆ ಬೇರೆ ಮಾಡಿದೆ. ಒಂದೇ ಫೋಟೊದಲ್ಲಿ ಅಕ್ಷರದ ಬಣ್ಣ ಮಾತ್ರ ಬದಲಿಸಿದರೆ ನಮ್ಮಂಥ ಸಣ್ಣ ಚಾನೆಲ್‌ಗೆ ಫಲಿತಾಂಶವೇ ಬರುವುದಿಲ್ಲ. ನೋಡುವವರು ಕಮ್ಮಿ ಇದ್ದಾಗ ಸಣ್ಣ ವ್ಯತ್ಯಾಸ ಲೆಕ್ಕದಲ್ಲಿ ಕಾಣುವುದಿಲ್ಲ.

ಒಂದನೆಯದರಲ್ಲಿ ಇಡೀ ಗ್ರೈಂಡರ್, ಪಕ್ಕದಲ್ಲಿ ನನ್ನ ಮುಖ, ‘ತಗೋಬಹುದಾ?’ ಎಂಬ ಮಾತು. ಎರಡನೆಯದರಲ್ಲಿ ಉರುಳುವ ಕಲ್ಲನ್ನು ಹೊರತೆಗೆದು ತೀರಾ ಹತ್ತಿರದಿಂದ ತೆಗೆದ ಫೋಟೊ, ಮೇಲೆ ‘365 ದಿನ. ಸವೆಯಿತಾ?’ ಮೂರನೆಯದರಲ್ಲಿ ಎರಡು ಇಡ್ಲಿ ಮುರಿದು ಇಟ್ಟದ್ದು. ಒಂದು ಮಿಕ್ಸಿ ಹಿಟ್ಟಿನದ್ದು, ಒಂದು ಗ್ರೈಂಡರ್ ಹಿಟ್ಟಿನದ್ದು.

‘1 ವರ್ಷ’ ಬಿಟ್ಟು ‘365 ದಿನ’ ಬರೆದದ್ದಕ್ಕೆ ಕಾರಣ ಇದೆ. ಫೋನಿನಲ್ಲಿ ಥಂಬ್‌ನೇಲ್ ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಅಷ್ಟು ಸಣ್ಣದಾದಾಗ ಕನ್ನಡದ ಒತ್ತಕ್ಷರ, ಅರ್ಕಾವತ್ತು ಎಲ್ಲಾ ಮಸುಕಾಗಿ ಒಂದು ಚುಕ್ಕೆಯಾಗುತ್ತವೆ. ಒತ್ತು ಇಲ್ಲದ ಪದ ಸಿಕ್ಕರೆ ಅಕ್ಷರವನ್ನು ಇನ್ನೂ ದೊಡ್ಡದು ಮಾಡಬಹುದು, ಸಾಲೂ ಒತ್ತೊತ್ತಾಗಿ ಬರುತ್ತದೆ. ಹಾಗೆಯೇ ಬಲಗಡೆ ಕೆಳಮೂಲೆಯಲ್ಲಿ ಏನೂ ಬರೆಯಬಾರದು, ವಿಡಿಯೊದ ಅವಧಿ ಅಲ್ಲೇ ಕೂರುತ್ತದೆ. ಮೂರೂ ಚಿತ್ರ 1280×720 ಅಳತೆಯಲ್ಲಿ ಇರಲಿ. ಒಂದು ಅದಕ್ಕಿಂತ ಸಣ್ಣದಿದ್ದರೂ ಟೆಸ್ಟಿನಲ್ಲಿ ಎಲ್ಲವನ್ನೂ ಕಡಿಮೆ ಗುಣಮಟ್ಟಕ್ಕೆ ಇಳಿಸಿಬಿಡುತ್ತಾರೆ.

ನನ್ನ ನಂಬಿಕೆ ಇಡ್ಲಿಯ ಮೇಲಿತ್ತು. ಎರಡು ವಾರ ಕಳೆದಾಗ ನೋಡುವ ಸಮಯದಲ್ಲಿ ಕಲ್ಲಿನ ಪಾಲು 41 ಶೇಕಡಾ, ಇಡ್ಲಿಯದ್ದು 33, ನನ್ನ ಮುಖದ್ದು 26. ಆಮೇಲೆ ಕೂತು ಯೋಚಿಸಿದೆ. ಇಡ್ಲಿ ನೋಡಿ ಬಂದವರಲ್ಲಿ ಅಡುಗೆ ವಿಡಿಯೊ ಅಂದುಕೊಂಡವರೂ ಇದ್ದಿರಬೇಕು. ಕಲ್ಲು ನೋಡಿ ಬಂದವರಿಗೆ ಕೇಳಲು ಒಂದೇ ಪ್ರಶ್ನೆ ಇತ್ತು, ಅದಕ್ಕೆ ಉತ್ತರ ಸಿಗುವ ತನಕ ಕೆಲವರಾದರೂ ಕೂತಿರಬೇಕು. ಆದರೆ ನಾನು ಕಲ್ಲು ತೋರಿಸಿದ್ದು 14ನೇ ನಿಮಿಷದಲ್ಲಿ! ಯಾವ ಹೊತ್ತಿನ ತನಕ ಎಷ್ಟು ಜನ ಉಳಿದರು ಎಂಬ ಗ್ರಾಫ್ ನೋಡಿದರೆ ಮೊದಲ ಅರ್ಧ ನಿಮಿಷದಲ್ಲೇ ಬಹಳ ಜನ ಎದ್ದು ಹೋಗಿದ್ದಾರೆ. ಹಾಕಿದ ವಿಡಿಯೊದಲ್ಲಿ ದೃಶ್ಯದ ಕ್ರಮ ಬದಲಿಸಲು ಬರುವುದಿಲ್ಲ. ಆದ್ದರಿಂದ ವಿವರಣೆಯಲ್ಲಿ ಅಧ್ಯಾಯಗಳನ್ನು ಹಾಕಿ, ‘ಕಲ್ಲು ಎಷ್ಟು ಸವೆದಿದೆ’ ಎಂದು ಆ ಹೊತ್ತನ್ನು ಗುರುತಿಸಿದೆ. ಈಗ ಹೊಸ ವಿಡಿಯೊಗಳಿಗೆ ಥಂಬ್‌ನೇಲಿನ ವಸ್ತುವನ್ನು ಮೊದಲ ಇಪ್ಪತ್ತು ಸೆಕೆಂಡಿನೊಳಗೆ ಕೈಯಲ್ಲಿ ಹಿಡಿದು ತೋರಿಸುತ್ತೇನೆ.

ಇದಾದ ಮೇಲೆ ಶೀರ್ಷಿಕೆಯ ಟೆಸ್ಟ್. ಚಿತ್ರ ಮತ್ತು ಶೀರ್ಷಿಕೆ ಎರಡನ್ನೂ ಒಟ್ಟಿಗೆ ಬದಲಿಸಲೂ ಅವಕಾಶ ಇದೆ, ಆದರೆ ಆಗ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಗೆದ್ದ ಚಿತ್ರವನ್ನೇ ಇಟ್ಟು ಶೀರ್ಷಿಕೆ ಮಾತ್ರ ಬದಲಿಸಿದೆ.

ಇಲ್ಲಿ ನಮ್ಮ ಊರಿನ ಮಾತು ಅಡ್ಡ ಬಂತು. ನಾವು ದೋಸೆಗೆ ‘ಕಡೆಯುವುದು’ ಅನ್ನುತ್ತೇವೆ. ‘ದೋಸೆಗೆ ಕಡೆಯಲು ಯಾವ ಗ್ರೈಂಡರ್?’ ಎಂದು ಬರೆದು ಬೆಂಗಳೂರಿನಲ್ಲಿರುವ ನನ್ನ ಅತ್ತಿಗೆಗೆ ಕಳುಹಿಸಿದೆ. ಅವರು ಅಲ್ಲಿಯೇ ಹುಟ್ಟಿ ಬೆಳೆದವರು. ‘ಕಡೆಯೋದು ಮಜ್ಜಿಗೆ ಅಲ್ವಾ? ಹಿಟ್ಟು ರುಬ್ಬೋದು ಅಂತೀವಿ’ ಅಂದರು. ನನ್ನ ವಿಡಿಯೊ ನೋಡುವವರಲ್ಲಿ ಬೆಂಗಳೂರಿನವರೇ ಜಾಸ್ತಿ. ಹಾಗಾಗಿ ‘ಕಡೆಯಲು’ ಒಂದು, ‘ರುಬ್ಬಲು’ ಒಂದು, ಎರಡೂ ಇಲ್ಲದೆ ‘ಗ್ರೈಂಡರ್ ರಿವ್ಯೂ’ ಎಂದು ಒಂದು, ಹೀಗೆ ಮೂರು ಕೊಟ್ಟೆ.

ಶೀರ್ಷಿಕೆಗೆ ಇರುವ ಮಿತಿ 100 ಅಕ್ಷರ. ಕನ್ನಡದಲ್ಲಿ ಅದು ಬೇಗ ಮುಗಿಯುತ್ತದೆ. ‘ಗ್ರೈಂಡರ್’ ಎಂಬುದು ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್ ಅದನ್ನು ಒತ್ತು, ಸ್ವರದ ಗುರುತು, ಸೊನ್ನೆ ಎಲ್ಲಾ ಸೇರಿಸಿ ಎಂಟು ಅಂತ ಎಣಿಸುತ್ತದೆ. ಫೋನಿನಲ್ಲಿ ಬಾಲ ಕತ್ತರಿಸಿ ಹೋಗುವುದೂ ಇದೆ. ಮುಖ್ಯ ಮಾತು ಮೊದಲ ನಾಲ್ಕೈದು ಪದಗಳಲ್ಲೇ ಬರಬೇಕು.

ಎರಡು ವಾರದ ನಂತರ ಮೂರೂ ಹೆಚ್ಚುಕಮ್ಮಿ ಒಂದೇ ಕಡೆ ನಿಂತವು. ಗೆದ್ದವರಿಲ್ಲ. ಹಾಗಾದಾಗ ಮೊದಲು ಕೊಟ್ಟದ್ದೇ ಉಳಿಯುತ್ತದೆ, ಅಂದರೆ ನನ್ನ ‘ಕಡೆಯಲು’. ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಅನಾಲಿಟಿಕ್ಸಿನಲ್ಲಿ ಜನ ಏನು ಹುಡುಕಿ ಬಂದರು ಎಂಬ ಪಟ್ಟಿ ತೆರೆದೆ. ಮೇಲಿನ ಸಾಲುಗಳಲ್ಲಿ ರುಬ್ಬುವುದೂ ಇಲ್ಲ, ಕಡೆಯುವುದೂ ಇಲ್ಲ. `wet grinder kannada`, `grinder review kannada` ಇವೇ ಇದ್ದವು. ವಿಡಿಯೊ ಕನ್ನಡದಲ್ಲಿ ಬೇಕು, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ. ಈಗ ಶೀರ್ಷಿಕೆ ಹೀಗಿದೆ: ‘ಹಿಟ್ಟು ರುಬ್ಬಿ 365 ದಿನ: ಕಲ್ಲು ಸವೆಯಿತಾ? `Wet Grinder Review Kannada`’. ವಿಡಿಯೊದೊಳಗೆ ಅಮ್ಮ ‘ಕಡೆದದ್ದು ಸಾಕು’ ಅನ್ನುವುದನ್ನು ಹಾಗೇ ಇಟ್ಟಿದ್ದೇನೆ.

ಆ ಹಳೇ ವಾಷಿಂಗ್ ಮೆಷಿನ್ ವಿಡಿಯೊಗೂ ಈಗ ಸರಿಯಾದ ಟೆಸ್ಟ್ ಹಚ್ಚಿದ್ದೇನೆ. ಒಂದು ಚಿತ್ರದಲ್ಲಿ ಮಳೆಗಾಲದ ಒಣಗದ ಬಟ್ಟೆ, ಒಂದರಲ್ಲಿ ತುಕ್ಕು ಹಿಡಿದ ಕೆಳಭಾಗ, ಒಂದರಲ್ಲಿ ಬಾವಿ ನೀರಿನ ಕಲೆ. ಇನ್ನೂ ಐದು ದಿನ ಇದೆ.