ಮೊದಲ ತಿಂಗಳು ‘ನೀನು’ ಬಂದ್: ನನ್ನ ಅನುಭವ

ಬೆಂಗಳೂರಿಗೆ ಕೆಲಸಕ್ಕೆ ಬಂದವರಿಗೆ ಭಾನುವಾರ ಮಾತಾಡುವ ಕನ್ನಡ ಹೇಳಿಕೊಡುತ್ತೇನೆ. ಮೊದಲ ಬ್ಯಾಚಿಗೆ ಎಲ್ಲರ ಹಾಗೆ ನಾನೂ ಬರುತ್ತೇನೆ, ಬರುತ್ತೀಯ, ಬರುತ್ತಾನೆ, ಬರುತ್ತಾಳೆ ಎಂದು ಇಡೀ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದೆ. ಒಂಬತ್ತು ಜನರಲ್ಲಿ ನಾಲ್ವರು ಮೂರನೇ ವಾರಕ್ಕೇ ಕೈಕೊಟ್ಟರು. ಹತ್ತಿರ ಹತ್ತಿರ 6,000 ರೂಪಾಯಿ ವಾಪಸ್ ಕೊಟ್ಟೆ.

ಉಳಿದವರಲ್ಲೊಬ್ಬ ಮನೆ ಓನರ್‌ಗೆ “ನೀವು ಎಲ್ಲಿಗೆ ಹೋಗ್ತೀಯ?” ಎಂದುಬಿಟ್ಟ. ‘ನೀವು’ ನೆನಪಿತ್ತು, ಪಾಪ. ಆದರೆ ನಮ್ಮ ಕಿವಿ ಮರ್ಯಾದೆ ಹುಡುಕುವುದು ಕ್ರಿಯಾಪದದ ಬಾಲದಲ್ಲಿ. ‘ನೀವು’ ಬಿಟ್ಟು ಬರೀ “ಎಲ್ಲಿಗೆ ಹೋಗ್ತೀರಿ?” ಎಂದಿದ್ದರೆ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ.

ಅವತ್ತಿನಿಂದ ಮೊದಲ ತಿಂಗಳು ನೀನು, ಅವನು, ಅವಳು ಮೂರಕ್ಕೂ ರಜೆ. ನಾನು, ನಾವು, ನೀವು, ಅವರು ಅಷ್ಟೇ. ‘ಬರುತ್ತಾರೆ’ ಕಲಿತರೆ ಒಬ್ಬ ಮೇಷ್ಟ್ರಿಗೂ ಆಯಿತು, ಹತ್ತು ಹುಡುಗಿಯರಿಗೂ ಆಯಿತು. ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಎಂಬ ಲೆಕ್ಕವೇ ಬೇಡ. ಜೊತೆಗೆ ಪಾಠ ಮಾಡುವವರು “ಅರ್ಧ ವ್ಯಾಕರಣ” ಎಂದು ನಕ್ಕರು. ಈಗ ನನ್ನ ಹತ್ತರಲ್ಲಿ ಎಂಟು ಜನ ಕೊನೆತನಕ ಇರುತ್ತಾರೆ, ಫೀಸನ್ನೂ ಐನೂರು ಏರಿಸಿದ್ದೇನೆ. ನಕ್ಕವರಲ್ಲಿ ಇಬ್ಬರು ಇದನ್ನೇ ಮಾಡುತ್ತಿದ್ದಾರೆ, ಅಲ್ವಾ!

ನಾಲಿಗೆ ತಡವರಿಸುವವರಿಗೆ ಈ ಬಾಲದ ಗೋಜೇ ಇಲ್ಲದ ಮಾತು ಕೊಡುತ್ತೇನೆ. ಮಾಡಿದ್ಯಾ, ಮಾಡಿದ್ರಾ ಎಂಬ ಗೊಂದಲಕ್ಕೆ “ಊಟ ಆಯ್ತಾ?” ಮದ್ದು. ಬರಬೇಕು, ಬರಬಹುದು, ಬರಲಿಲ್ಲ ಇವು ಓನರ್‌ಗೂ ಓನರ್ ಮಗುವಿಗೂ ಒಂದೇ. ಆದರೆ ಇಲ್ಲೇ ನಾನು ಮೋಸಹೋದೆ. ಒಬ್ಬಾಕೆ ತುಂಬಾ ಚೆನ್ನಾಗಿ ಮಾತಾಡುತ್ತಿದ್ದರು. ಐದಾರು ವಾರ ಆದಮೇಲೆ “ನಿನ್ನೆ ನಿಮ್ಮ ಮನೆಗೆ ಯಾರು ಬಂದರು?” ಎಂದು ಕೇಳಿದೆ. ಉತ್ತರವೇ ಇಲ್ಲ. ಅಷ್ಟು ದಿನವೂ ಬೇಕು, ಇಲ್ಲಗಳ ಮರೆಯಲ್ಲೇ ಕಾಲ ತಳ್ಳಿದ್ದರು. ಈಗ ಎರಡನೇ ವಾರಕ್ಕೇ ನಿನ್ನೆಯ ಸುದ್ದಿ ಕೇಳುತ್ತೇನೆ.

ಈ ದಾರಿಗೂ ಒಂದು ಖರ್ಚಿದೆ. “ನಾಯಿ ಬಂದರು”, “ಪಾಪು ಮಲಗಿದ್ದಾರೆ” ಎನ್ನುತ್ತಾರೆ. ಕೇಳಿದವರು ನಗುತ್ತಾರೆ, ಸಿಟ್ಟಾಗುವುದಿಲ್ಲ. ನಾಯಿ ಬಂತು, ನಾಯಿಗಳು ಬಂದವು ಎನ್ನುವುದು ಎರಡನೇ ತಿಂಗಳಿಗೆ. ‘ನೀನು’ಗೆ ಇಳಿಸಲು ಒಂದು ಆಟ ಇಟ್ಟುಕೊಂಡಿದ್ದೇನೆ. ಅದನ್ನು ಹೇಳಲ್ಲ, ಹೊಟ್ಟೆಪಾಡು.

ಒಮ್ಮೆ ಸುಮ್ನೆ, ಅಕ್ಕಪಕ್ಕದ ಮನೆಯ ಮಾತು ಕೇಳಿಸಿಕೊಂಡು ಬನ್ನಿ ಎಂದೆ. ಎಷ್ಟೋ ಮನೆಗಳಲ್ಲಿ ಅಪ್ಪ ‘ಬಂದ್ರು’, ಅಮ್ಮ ‘ಬಂದ್ಲು’. ಇದಕ್ಕೆ ನಿಯಮ ಹೇಳಲು ಹೋಗಲಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಸರ್, ಓನರ್ ಇದ್ದಾರೆ, ದೇವರು ಇದ್ದಾನೆ. ಹಾಗಾದ್ರೆ ದೊಡ್ಡವರು ಯಾರು?”